ಎಲೆಮರೆಯ ಕಾಯಿಯ ಮುನಿಸು

ಒಂದು ಸಾಫ್ಟ್‌ವೇರ್ ತಂಡ ಇದೆ ಎಂದುಕೊಳ್ಳಿ. ಆರು ಜನ, ಆರು ಊರು, ಎಲ್ಲರಿಗೂ ಮನೆಯಿಂದಲೇ ಕೆಲಸ. ಹುಬ್ಬಳ್ಳಿಯಲ್ಲಿರುವ ಎಂಜಿನಿಯರ್ ಮಂಗಳವಾರ ಬೆಳಿಗ್ಗೆ 11 ಗಂಟೆಗೆ ತಾನು ಬರೆದ ಸುಮಾರು 400 ಸಾಲಿನ ಕೋಡನ್ನು ಪುಣೆಯ ಸಹೋದ್ಯೋಗಿಗೆ ರಿವ್ಯೂಗೆಂದು ಕಳಿಸುತ್ತಾಳೆ. ಆತ ಓದಿ ಒಪ್ಪಿದರೆ ಮಾತ್ರ ಅದು ಮುಂದಕ್ಕೆ ಹೋಗುತ್ತದೆ. ಶುಕ್ರವಾರಕ್ಕೆ ಗಡುವು. ಚಾಟ್‌ನಲ್ಲಿ ಆತನ ಹೆಸರಿನ ಪಕ್ಕ ಹಸಿರು ಚುಕ್ಕೆ ಇದೆ, ಅಂದರೆ ಕಂಪ್ಯೂಟರ್ ಮುಂದೆ ಕುಳಿತಿದ್ದಾನೆ. ಸಂಜೆಯವರೆಗೂ ಉತ್ತರವಿಲ್ಲ. ಬುಧವಾರ ಬೆಳಿಗ್ಗೆ ಆಕೆ ಮೆಲ್ಲಗೆ ನೆನಪಿಸುತ್ತಾಳೆ. ಆತ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾಗುತ್ತಾನೆ. ಅದೇ ಮಧ್ಯಾಹ್ನ ತಂಡದ ಗ್ರೂಪಿನಲ್ಲಿ ಹಿಂದಿನ ರಾತ್ರಿಯ ಕ್ರಿಕೆಟ್ ಮ್ಯಾಚಿನ ಬಗ್ಗೆ ಯಾರೋ ಹಾಕಿದ ಜೋಕಿಗೆ ಆತನ ನಗು ಬಿದ್ದಿರುತ್ತದೆ. ಗುರುವಾರ ಬೆಳಗಿನ ಹದಿನೈದು ನಿಮಿಷದ ಮೀಟಿಂಗಿನಲ್ಲಿ ಆಕೆ, ರಿವ್ಯೂ ಆಗದೆ ಕೆಲಸ ನಿಂತಿದೆ ಎಂದು ಎಲ್ಲರೆದುರು ಹೇಳುತ್ತಾಳೆ. ಇವತ್ತು ನೋಡುತ್ತೇನೆ ಎಂದು ಆತ ಮ್ಯೂಟ್ ತೆಗೆದು ಹೇಳಿ ಮತ್ತೆ ಮ್ಯೂಟ್ ಆಗುತ್ತಾನೆ. ರಾತ್ರಿ 9.40ಕ್ಕೆ ಒಂದರ ಹಿಂದೊಂದು 14 ಟಿಪ್ಪಣಿಗಳು ಬಂದು ಬೀಳುತ್ತವೆ. ಮೊದಲನೆಯದು, ‘ಇದು ಇಲ್ಲಿ ಯಾಕಿದೆ?’ ಶುಕ್ರವಾರ ಕೆಲಸ ಮುಗಿಯುವುದಿಲ್ಲ. ಮ್ಯಾನೇಜರ್ ನೋಡುವ ಪಟ್ಟಿಯಲ್ಲಿ ಆ ಟಿಕೆಟ್ಟಿನ ಎದುರು ಒಂದೇ ಹೆಸರಿದೆ, ಅದು ಆಕೆಯದು.

ಈಗ ಪುಣೆಯ ಮನೆಯೊಳಗೆ ಹೋಗಿ ನೋಡೋಣ. ಮಂಗಳವಾರ 11.30ಕ್ಕೆ ಹಣ ಪಾವತಿಯ ವ್ಯವಸ್ಥೆಯೊಂದು ಕೈಕೊಟ್ಟು, ಮ್ಯಾನೇಜರ್ ಆತನನ್ನು ಖಾಸಗಿ ಕರೆಯಲ್ಲಿ ಹಿಡಿದು ಕೂರಿಸಿದ್ದಾರೆ. ಆ ಕರೆ ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಬುಧವಾರ ಇಡೀ ದಿನ ಎಳೆದಿದೆ. ಕ್ರಿಕೆಟ್ ಜೋಕಿಗೆ ನಕ್ಕಿದ್ದು ಆ ದಿನ ಆತ ಉಸಿರು ಬಿಟ್ಟ ನಾಲ್ಕು ಸೆಕೆಂಡು. ಗುರುವಾರ ಮಗುವಿಗೆ ಜ್ವರ. ರಾತ್ರಿ ಮಗು ಮಲಗಿದ ಮೇಲೆ ಕುಳಿತು 400 ಸಾಲನ್ನೂ ಬಿಡದೆ ಓದಿ, 14 ಕಡೆ ಟಿಪ್ಪಣಿ ಬರೆದಿದ್ದಾನೆ. ಸುಮ್ಮನೆ ಒಪ್ಪಿಗೆಯ ಬಟನ್ ಒತ್ತಿ ಮಲಗಬಹುದಿತ್ತು. ಹಾಗೆ ಮಾಡದ್ದು ಆಕೆಯ ಕೆಲಸಕ್ಕೆ ತಾನು ಕೊಟ್ಟ ಮರ್ಯಾದೆ ಎಂದು ಆತನ ಭಾವನೆ. ಆತನಿಗೂ ಒಂದು ದೂರಿದೆ. ಇಷ್ಟುದ್ದದ ಕೋಡನ್ನು ಎರಡು ಸಾಲಿನ ವಿವರಣೆಯೊಂದಿಗೆ ಒಂದೇ ಗಂಟಾಗಿ ತಂದು ಹಾಕಿದ್ದಲ್ಲದೆ, ಎಲ್ಲರೆದುರು ತನ್ನನ್ನು ನಿಲ್ಲಿಸಿ ಕೇಳಿದಳಲ್ಲ ಎಂಬುದು. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚುವಾಗ ಇಬ್ಬರ ಎದೆಯಲ್ಲೂ ಒಂದೊಂದು ಕೆಂಡ. ಇಬ್ಬರೂ ಒಬ್ಬರಿಗೊಬ್ಬರು ಏನೂ ಅಂದಿಲ್ಲ. ಒಬ್ಬರೂ ತಪ್ಪು ಮಾಡಿಲ್ಲ ಎಂದೂ ಹೇಳಬಹುದು.

ಇದು ಊಹೆಯ ಸನ್ನಿವೇಶವಾದರೂ ಇಂಥ ತಂಡಗಳಲ್ಲಿ ಕೆಲಸ ಮಾಡುವವರು ಇದರಲ್ಲಿ ತಮ್ಮ ಯಾವುದೋ ಒಂದು ವಾರವನ್ನು ಗುರುತಿಸಬಲ್ಲರು. ಪೂರ್ತಿ ಮನೆಯಿಂದಲೇ ನಡೆಯುವ ಕೆಲಸದಲ್ಲಿ ಸಹೋದ್ಯೋಗಿಗಳ ಮೇಲೆ ಹುಟ್ಟುವ ಮುನಿಸಿಗೆ ಸಾಮಾನ್ಯವಾಗಿ ಎರಡು ವಿವರಣೆ ಕೊಡುತ್ತಾರೆ. ಒಂದು, ಎದುರಿನವನು ಸರಿಯಿಲ್ಲ. ಇನ್ನೊಂದು, ಈಗಿನವರಿಗೆ ತಾಳ್ಮೆಯಿಲ್ಲ. ಎರಡೂ ಜನರ ಗುಣಕ್ಕೆ ಕೈ ತೋರಿಸುತ್ತವೆ. ನನ್ನ ವಾದವೇನೆಂದರೆ, ಈ ಮುನಿಸಿನ ಬಹುಪಾಲು ಹುಟ್ಟುವುದು ಯಾರಿಗೆ ಏನು ಕಾಣುತ್ತದೆ ಎಂಬುದರಲ್ಲಿರುವ ಏರುಪೇರಿನಿಂದ. ನನ್ನ ದುಡಿಮೆ ನನಗೆ ಪೂರ್ತಿ ಕಾಣುತ್ತದೆ. ನಿಮ್ಮ ದುಡಿಮೆಯಲ್ಲಿ ನನಗೆ ಕಾಣುವುದು ಪರದೆಯ ಮೇಲೆ ಬಿದ್ದ ನಾಲ್ಕು ಪದ, ಒಂದು ಚುಕ್ಕೆ, ಮತ್ತು ಮೌನ. ಉಳಿದದ್ದನ್ನು ನಾನೇ ತುಂಬಿಕೊಳ್ಳಬೇಕು. ಒಂಟಿತನದಲ್ಲಿರುವ ಮನಸ್ಸು ಆ ಖಾಲಿಯನ್ನು ಒಳ್ಳೆಯ ಊಹೆಗಳಿಂದ ತುಂಬುವುದು ಕಡಿಮೆ.

ಮೌನದ ವಿಷಯದಿಂದಲೇ ಶುರುಮಾಡೋಣ, ಏಕೆಂದರೆ ಇದನ್ನು ಕೊರೋನಾಕ್ಕೂ ಎಷ್ಟೋ ಮೊದಲೇ ಒಬ್ಬರು ಕೂಲಂಕಷವಾಗಿ ನೋಡಿದ್ದಾರೆ. ಕ್ಯಾಥರೀನ್ ಕ್ರಾಮ್ಟನ್ ಎಂಬ ಅಮೆರಿಕದ ಸಂಶೋಧಕಿ ಬೇರೆ ಬೇರೆ ಊರುಗಳ ವಿದ್ಯಾರ್ಥಿಗಳನ್ನು ಸೇರಿಸಿ ಮಾಡಿದ 13 ತಂಡಗಳು ದೂರದಿಂದಲೇ ಒಂದು ಯೋಜನೆ ಮುಗಿಸುವಾಗ ಬರೆದುಕೊಂಡ ಇಮೇಲು, ಚಾಟುಗಳನ್ನು ಓದಿ 2001ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆ ತಂಡಗಳನ್ನು ಹಾಳುಮಾಡಿದ್ದು ಬಹುತೇಕ ಚಿಲ್ಲರೆ ಸಂಗತಿಗಳು. ಒಬ್ಬರ ಊರಿನಲ್ಲಿ ರಜೆ ಇತ್ತು, ಹೇಳಿರಲಿಲ್ಲ. ಒಂದು ಪತ್ರ ಮೂವರಿಗೆ ಹೋಗಿ ನಾಲ್ಕನೆಯವರಿಗೆ ತಲುಪಿರಲಿಲ್ಲ. ಒಬ್ಬರು ಮುಖ್ಯವೆಂದು ಬರೆದದ್ದನ್ನು ಓದಿದವರು ಕೊನೆಯ ಸಾಲೆಂದು ದಾಟಿಸಿದ್ದರು. ಎಲ್ಲಕ್ಕಿಂತ ಹೆಚ್ಚು ಗೊಂದಲ ಎಬ್ಬಿಸಿದ್ದು ಉತ್ತರ ಬಾರದಿರುವುದು. ಮೌನ ಒಂದು ಕಡೆ ‘ಒಪ್ಪಿದೆ’ ಎಂದಾಗಿತ್ತು, ಇನ್ನೊಂದು ಕಡೆ ‘ಒಪ್ಪಿಲ್ಲ’ ಎಂದು, ಮತ್ತೊಂದು ಕಡೆ ‘ಊರಲ್ಲಿಲ್ಲ’ ಎಂದು. ಓದುವವರು ಅದಕ್ಕೆ ತಮಗೆ ತೋಚಿದ ಅರ್ಥ ಕೊಟ್ಟುಕೊಂಡಿದ್ದರು. ಇಂಥ ಎಡವಟ್ಟು ಆದಾಗ ಸದಸ್ಯರು ಎದುರಿನವರ ಸಂದರ್ಭವೇನಿರಬಹುದು ಎಂದು ಕೇಳುವ ಬದಲು ‘ಅವನು ಸೋಮಾರಿ’, ‘ಅವಳಿಗೆ ಇದು ಬೇಕಾಗಿಲ್ಲ’ ಎಂದು ವ್ಯಕ್ತಿಯ ಮೇಲೇ ಹೊರಿಸುತ್ತಿದ್ದರು ಎಂಬುದು ಆ ಅಧ್ಯಯನದ ತಿರುಳು. ಕಾರಣ ಸರಳ. ವ್ಯಕ್ತಿಯ ಹೆಸರು ಪರದೆಯ ಮೇಲಿತ್ತು, ಆತನ ಸಂದರ್ಭ ಇರಲಿಲ್ಲ. ಒಂದೇ ಕೋಣೆಯಲ್ಲಿದ್ದರೆ ಮೌನಕ್ಕೆ ಜೊತೆಯಲ್ಲೇ ಒಂದು ವಿವರಣೆ ಅಂಟಿಕೊಂಡಿರುತ್ತದೆ. ಮೇಜಿನ ಮೇಲೆ ಎರಡು ಫೋನು ಬಡಿದುಕೊಳ್ಳುತ್ತಿರುವುದು, ಊಟದ ಡಬ್ಬಿ ಮೂರು ಗಂಟೆಯಾದರೂ ತೆರೆಯದಿರುವುದು, ಮ್ಯಾನೇಜರ್ ಬಂದು ಹೆಗಲ ಮೇಲಿಂದ ಬಗ್ಗಿ ನೋಡುತ್ತಿರುವುದು, ಇವೆಲ್ಲ ಯಾರೂ ಯಾರಿಗೂ ಹೇಳದೆಯೇ ಮುಟ್ಟುವ ಸುದ್ದಿಗಳು. ಹಸಿರು ಚುಕ್ಕೆ ಇದ್ಯಾವುದನ್ನೂ ಹೇಳುವುದಿಲ್ಲ. ಅದು ಹೇಳುವುದು ಆತ ಇದ್ದಾನೆ ಎಂದಷ್ಟೆ. ಇದ್ದೂ ಉತ್ತರಿಸುತ್ತಿಲ್ಲ ಎಂಬ ಉಳಿದರ್ಧವನ್ನು ನಾವೇ ಬರೆದುಕೊಳ್ಳುತ್ತೇವೆ.

ಮಾತು ಬಂದರೂ ಕಷ್ಟ ತಪ್ಪುವುದಿಲ್ಲ. 2005ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ನಿಕೋಲಸ್ ಎಪ್ಲಿ ತಮ್ಮ ಸಂಗಡಿಗರೊಂದಿಗೆ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಾಕ್ಯಗಳನ್ನು ಗಂಭೀರವಾಗಿಯೂ ಕೆಲವನ್ನು ವ್ಯಂಗ್ಯವಾಗಿಯೂ ಇನ್ನೊಬ್ಬರಿಗೆ ಕಳಿಸಬೇಕು, ಅವರು ಯಾವುದು ಯಾವುದೆಂದು ಹೇಳಬೇಕು. ಓದುವವರು ನೂರಕ್ಕೆ 78ರಷ್ಟು ಸಲ ಸರಿಯಾಗಿ ಹಿಡಿಯುತ್ತಾರೆ ಎಂದು ಕಳಿಸಿದವರು ನಂಬಿದ್ದರು. ಇಮೇಲ್‌ನಲ್ಲಿ ಓದಿದವರು ಸರಿ ಹಿಡಿದದ್ದು ನೂರಕ್ಕೆ 56. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ 50 ಬರುತ್ತಿತ್ತು. ಧ್ವನಿಯಲ್ಲಿ ಹೇಳಿದಾಗ ಮಾತ್ರ ಕೇಳಿದವರು ಕಳಿಸಿದವರ ನಿರೀಕ್ಷೆಯ ಹತ್ತಿರಕ್ಕೆ ಬಂದರು. ಬರೆಯುವವನ ಕಿವಿಯಲ್ಲಿ ತನ್ನ ದನಿ ಇರುತ್ತದೆ, ಓದುವವನಿಗೆ ಅದು ಕೇಳುವುದಿಲ್ಲ. ‘ಇದು ಇಲ್ಲಿ ಯಾಕಿದೆ?’ ಎಂಬ ಟಿಪ್ಪಣಿಯನ್ನು ಪುಣೆಯವನು ಕುತೂಹಲದ ದನಿಯಲ್ಲಿ ಬರೆದ; ಹುಬ್ಬಳ್ಳಿಯವಳು ಅದನ್ನು ಮೇಷ್ಟರು ಗದರಿದ ದನಿಯಲ್ಲಿ ಓದಿದಳು. ಇಬ್ಬರೂ ಅದೇ ಅಕ್ಷರಗಳನ್ನು ನೋಡುತ್ತಿದ್ದರು.

ಎರಡನೆಯ ಎಳೆ ಲೆಕ್ಕದ್ದು. ಯಾರು ಎಷ್ಟು ದುಡಿದರು ಎಂಬ ಲೆಕ್ಕ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಹೆಂಡಿರನ್ನು ಬೇರೆ ಬೇರೆ ಕೂರಿಸಿ, ಅಡುಗೆ, ಪಾತ್ರೆ, ಮಕ್ಕಳನ್ನು ನೋಡಿಕೊಳ್ಳುವುದು ಮುಂತಾದ 20 ಕೆಲಸಗಳಲ್ಲಿ ತಮ್ಮ ಪಾಲೆಷ್ಟು ಎಂದು ಕೇಳಿದರು. ಇಬ್ಬರ ಪಾಲನ್ನೂ ಕೂಡಿಸಿದರೆ ಹೆಚ್ಚಿನ ಕೆಲಸಗಳಲ್ಲಿ ಮೊತ್ತ ನೂರು ದಾಟಿತು. ಇದು ಬರಿಯ ಜಂಬವಾಗಿದ್ದರೆ ಒಳ್ಳೆಯ ಕೆಲಸಗಳಲ್ಲಿ ಮಾತ್ರ ಆಗಬೇಕಿತ್ತು. ಆದರೆ ಜಗಳ ತೆಗೆಯುವಂಥ ಕೆಟ್ಟ ಬಾಬತ್ತಿನಲ್ಲೂ ಜನ ತಮ್ಮ ಪಾಲನ್ನು ಹೆಚ್ಚಾಗಿಯೇ ಹೇಳಿದ್ದರು. ಅಂದರೆ ಇದು ನೆನಪಿನ ಆಟ. ತಾನು ಮಾಡಿದ್ದರ ಉದಾಹರಣೆಗಳು ತನಗೆ ತಟ್ಟನೆ ಹೊಳೆಯುತ್ತವೆ, ಇನ್ನೊಬ್ಬರದು ಹೊಳೆಯುವುದಿಲ್ಲ. ಒಂದೇ ಸೂರಿನಡಿ ಇದ್ದು, ಒಂದೇ ತಟ್ಟೆಗಳನ್ನು ತೊಳೆದವರ ಕಥೆಯೇ ಹೀಗೆ. ಮುಖ ನೋಡದೆ ವರ್ಷಗಟ್ಟಲೆ ಕೆಲಸ ಮಾಡುವ ಆರು ಜನರನ್ನು ಬೇರೆ ಬೇರೆ ಕೇಳಿದರೆ ಮೊತ್ತ ಎಲ್ಲಿಗೆ ಹೋಗಿ ನಿಂತೀತು ಎಂದು ನೀವೇ ಊಹಿಸಿ. ನೂರರ ಮೇಲಿನ ಪ್ರತಿಯೊಂದು ಅಂಶವೂ ಯಾರದೋ ತಲೆಯಲ್ಲಿ ‘ನನಗೆ ಸಲ್ಲಬೇಕಾದದ್ದು ಸಂದಿಲ್ಲ’ ಎಂದು ದಾಖಲಾಗಿರುತ್ತದೆ.

ಇದರ ಮೇಲೆ ಉಪಕರಣಗಳ ದೋಷವೂ ಸೇರುತ್ತದೆ. ಕೆಲಸ ಹಂಚುವ ತಂತ್ರಾಂಶಗಳಲ್ಲಿ ಒಂದು ಟಿಕೆಟ್ಟಿಗೆ ಸಾಮಾನ್ಯವಾಗಿ ಒಬ್ಬರೇ ಹೊಣೆಗಾರರು. ಟಿಕೆಟ್ ಮುಗಿದರೆ ಅವರಿಗೆ ಹೆಸರು, ಮುಗಿಯದಿದ್ದರೆ ಅವರಿಗೇ ಕೆಟ್ಟ ಹೆಸರು. ಅದನ್ನು ಮುಗಿಸಲು ರಾತ್ರಿ ಕೂತು ಇನ್ನೊಬ್ಬರ ಕೋಡ್ ಓದಿದವರು, ಹೊಸದಾಗಿ ಸೇರಿದ ಹುಡುಗನಿಗೆ ಒಂದು ಗಂಟೆ ಸ್ಕ್ರೀನ್ ಹಂಚಿಕೊಂಡು ಹೇಳಿಕೊಟ್ಟವರು, ಇಂಥಲ್ಲಿ ಕೈ ಹಾಕಬೇಡ ಎಂದು ಒಂದು ಸಾಲಿನಲ್ಲಿ ಎಚ್ಚರಿಸಿ ಎರಡು ದಿನ ಉಳಿಸಿದವರು ಆ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಕಚೇರಿಯಲ್ಲೂ ಇವು ಪಟ್ಟಿಗೆ ಸೇರುತ್ತಿರಲಿಲ್ಲ ನಿಜ. ಆದರೆ ಅಕ್ಕಪಕ್ಕದವರು ನೋಡುತ್ತಿದ್ದರು. ಎಲೆಮರೆಯ ಕಾಯಿ ಎಂದು ನಾವು ಹೊಗಳಿಕೆಗೆ ಹೇಳುತ್ತೇವೆ. ಕಾಯಿಗೆ ಸಂಬಳ, ಬಡ್ತಿಗಳ ಚಿಂತೆ ಇಲ್ಲ, ಹಾಗಾಗಿ ಅದಕ್ಕೆ ಮರೆಯಲ್ಲಿರುವುದು ಕಷ್ಟವಲ್ಲ.

ಕಾಣದಿರುವುದಕ್ಕೆ ನಿಜವಾಗಿ ಬೆಲೆ ತೆರಬೇಕಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಚೀನಾದಿಂದ ಬಂದಿದೆ. ಶಾಂಘೈನ ಸಿಟ್ರಿಪ್ ಎಂಬ ಪ್ರವಾಸ ಸೇವೆಯ ಕಂಪನಿ 2010ರ ಕೊನೆಯಲ್ಲಿ ತನ್ನ ಕಾಲ್ ಸೆಂಟರಿನಲ್ಲಿ ಒಂದು ಪ್ರಯೋಗ ಶುರುಮಾಡಿತು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಅದನ್ನು ಅಧ್ಯಯನ ಮಾಡಿದರು. ಮನೆಯಿಂದ ಕೆಲಸ ಮಾಡಲು ಮುಂದೆ ಬಂದ ಅರ್ಹ ಸುಮಾರು 250 ಜನರಲ್ಲಿ, ಹುಟ್ಟಿದ ತಾರೀಖು ಸಮಸಂಖ್ಯೆಯಾದವರನ್ನು ವಾರಕ್ಕೆ ನಾಲ್ಕು ದಿನ ಮನೆಗೆ ಕಳಿಸಿದರು, ಬೆಸಸಂಖ್ಯೆಯವರನ್ನು ಕಚೇರಿಯಲ್ಲೇ ಉಳಿಸಿದರು. ಒಂಬತ್ತು ತಿಂಗಳಲ್ಲಿ ಮನೆಯವರ ಕೆಲಸ ನೂರಕ್ಕೆ 13ರಷ್ಟು ಹೆಚ್ಚಾಯಿತು. ಕೆಲಸ ಬಿಟ್ಟುಹೋಗುವವರ ಪ್ರಮಾಣ ಅರ್ಧಕ್ಕಿಳಿಯಿತು. ಮನೆಯಿಂದ ಕೆಲಸದ ಪರ ಮಾತಾಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ಎರಡು ಸಂಗತಿಗಳಿವೆ. ಒಂದು, ಅಷ್ಟೇ ಕೆಲಸ ಮಾಡಿ ತೋರಿಸಿದವರಲ್ಲಿ ಹೋಲಿಸಿದರೆ ಮನೆಯಲ್ಲಿದ್ದವರಿಗೆ ಬಡ್ತಿ ಸಿಕ್ಕ ಪ್ರಮಾಣ ಕಡಿಮೆಯಾಗಿತ್ತು. ಕಾಲ್ ಸೆಂಟರಿನಲ್ಲಿ ಪ್ರತಿ ಕರೆಯೂ, ಪ್ರತಿ ನಿಮಿಷವೂ ಯಂತ್ರದಲ್ಲಿ ದಾಖಲಾಗುತ್ತದೆ ಎಂಬುದನ್ನು ನೆನಪಿಡಿ. ಎಲ್ಲ ಅಳೆದು ಬರೆದಿಟ್ಟ ಕಡೆಯೇ ಹೀಗಾದರೆ ಅಳತೆಗೆ ಸಿಗದ ಕೆಲಸಗಳ ಗತಿ ಏನು? ಬಡ್ತಿ ಸಿಕ್ಕರೆ ಕಚೇರಿಗೆ ಮರಳಬೇಕಾಗುತ್ತದೆ ಎಂದು ಕೆಲವರು ತಾವೇ ಹಿಂಜರಿದಿರಲೂಬಹುದು, ಆದ್ದರಿಂದ ಪೂರ್ತಿ ಅನ್ಯಾಯವೆಂದು ಹೇಳಲಾಗದು. ಎರಡನೆಯದು, ಪ್ರಯೋಗ ಮುಗಿದು ಮತ್ತೆ ಆಯ್ಕೆ ಕೊಟ್ಟಾಗ ಸುಮಾರು ಅರ್ಧದಷ್ಟು ಜನ ಮನಸ್ಸು ಬದಲಿಸಿದರು. ಮನೆಯಿಂದ ಕೆಲಸದ ವಿರುದ್ಧ ಅವರು ಕೊಟ್ಟ ಮುಖ್ಯ ಕಾರಣ ಒಂಟಿತನ. ಇವರೆಲ್ಲ ತಾವಾಗಿ ಮನೆ ಬೇಕೆಂದು ಬಂದವರು, ಮೇಲಾಗಿ ವಾರದಲ್ಲಿ ಒಂದು ದಿನ ಕಚೇರಿಗೆ ಹೋಗುತ್ತಿದ್ದವರು.

ಒಂಟಿತನವೇ ಮೂರನೆಯ ಎಳೆ. ಮನಸ್ಸಿನ ದಿಕ್ಕನ್ನು ತಿರುಗಿಸುವುದು ಅದೇ. ಗ್ಯಾಲಪ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಜಾಗತಿಕ ಸಮೀಕ್ಷೆಯಲ್ಲಿ, ಹಿಂದಿನ ದಿನದ ಬಹುಪಾಲು ಒಂಟಿತನ ಅನುಭವಿಸಿದೆವು ಎಂದವರು ಪೂರ್ತಿ ದೂರದಿಂದ ಕೆಲಸ ಮಾಡುವವರಲ್ಲಿ ನೂರಕ್ಕೆ 25, ಪೂರ್ತಿ ಕಚೇರಿಯಲ್ಲಿರುವವರಲ್ಲಿ 16. ಅಂತರ ಭೂಕಂಪದಂಥದ್ದೇನಲ್ಲ, ಕಚೇರಿಯಲ್ಲೂ ಒಂಟಿಗಳಿದ್ದಾರೆ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ 2023ರಲ್ಲಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ವಿಷಯವೆಂದು ಎತ್ತಿ ಹೇಳಿದ ಮೇಲೆ ಅದರಿಂದ ದೇಹಕ್ಕಾಗುವ ಹಾನಿಯ ಬಗ್ಗೆ ಸಾಕಷ್ಟು ಮಾತಾಗಿದೆ. ಇಲ್ಲಿ ನಮಗೆ ಬೇಕಾದದ್ದು ಬೇರೆ. ಒಂಟಿತನದ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ ಷಿಕಾಗೋದ ಜಾನ್ ಕ್ಯಾಚಿಯೊಪ್ಪೊ ಹೇಳುತ್ತಿದ್ದುದು ಇದು: ಒಂಟಿಯಾದವರು ಜನರಿಗಾಗಿ ಹಂಬಲಿಸುತ್ತಾರೆ, ಅದೇ ಹೊತ್ತಿಗೆ ಜನರಿಂದ ಬರಬಹುದಾದ ನೋವಿನ ಮೇಲೆ ಅವರ ಕಣ್ಣು ನೆಟ್ಟಿರುತ್ತದೆ. ಹಿಂಡು ತಪ್ಪಿದ ಜೀವ ಸಪ್ಪಳವಾದರೆ ಬೆಚ್ಚುವ ಹಾಗೆ. ಉತ್ತರ ತಡವಾದರೆ ಅದು ತಿರಸ್ಕಾರ, ಮೀಟಿಂಗಿನಲ್ಲಿ ತನ್ನ ಹೆಸರು ಬಿಟ್ಟುಹೋದರೆ ಅದು ಬೇಕೆಂದೇ ಬಿಟ್ಟದ್ದು. ಬೇರೆಯವರಿಗೆ ಎರಡು ಅರ್ಥವಿರುವ ಸಂದೇಶ ಒಂಟಿಯಾದವರಿಗೆ ಒಂದೇ ಅರ್ಥದಲ್ಲಿ ತಲುಪುತ್ತದೆ.

ಇದು ಒಬ್ಬರೊಳಗೇ ಮುಗಿದಿದ್ದರೆ ಹೋಗಲಿ ಎನ್ನಬಹುದಿತ್ತು. ಹಾಕನ್ ಓಜ್‌ಚೆಲಿಕ್ ಮತ್ತು ಸಿಗಲ್ ಬಾರ್ಸೇಡ್ ಎರಡು ಸಂಸ್ಥೆಗಳ 672 ಉದ್ಯೋಗಿಗಳು ಮತ್ತು ಅವರ 114 ಮೇಲಧಿಕಾರಿಗಳನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒಂಟಿತನ ಅನುಭವಿಸುತ್ತಿದ್ದವರನ್ನು ಸಹೋದ್ಯೋಗಿಗಳು ‘ಹತ್ತಿರ ಬಿಟ್ಟುಕೊಳ್ಳದವರು’ ಎಂದು ಕಾಣುತ್ತಿದ್ದರು, ಸಂಸ್ಥೆಯ ಮೇಲೆ ಅವರಿಗಿದ್ದ ಮನಸ್ಸೂ ಕಡಿಮೆಯಾಗಿತ್ತು. ಅವರ ಕೆಲಸದ ಗುಣಮಟ್ಟವೂ ಇಳಿದಿತ್ತು. ಇದನ್ನು ನಮ್ಮ ಸನ್ನಿವೇಶಕ್ಕೆ ತಂದರೆ ವರ್ತುಲ ಸರಿಯಾಗಿ ಕಾಣುತ್ತದೆ. ಹುಬ್ಬಳ್ಳಿಯವಳು ನೊಂದು ತನ್ನ ಉತ್ತರಗಳನ್ನು ಚಿಕ್ಕದು ಮಾಡುತ್ತಾಳೆ. ‘ಆಯ್ತು, ನೋಡಿ ಹೇಳ್ತೀನಿ’ ಇದ್ದದ್ದು ‘ಓಕೆ’ ಆಗುತ್ತದೆ. ಪುಣೆಯವನಿಗೆ ಅದು ಬಿಗುಮಾನವಾಗಿ ಕಂಡು, ಮುಂದಿನ ಸಲ ಆತ ಅವಳನ್ನು ಬಿಟ್ಟು ಬೇರೆಯವರನ್ನು ಕೇಳುತ್ತಾನೆ. ತನ್ನನ್ನು ಹೊರಗಿಟ್ಟರು ಎಂಬ ಆಕೆಯ ಅನುಮಾನಕ್ಕೆ ಈಗ ನಿಜವಾದ ಪುರಾವೆ ಸಿಗುತ್ತದೆ. ಮೊದಲ ವಾರದಲ್ಲಿ ಸುಳ್ಳಾಗಿದ್ದದ್ದು ಆರನೇ ವಾರಕ್ಕೆ ಸತ್ಯವಾಗಿದೆ.

ಹೀಗೆ ಆಗುತ್ತಿದೆ ಎಂದು ಗುರುತಿಸುವುದು ಹೇಗೆ? ಕೂಗಾಟದಿಂದಂತೂ ಅಲ್ಲ, ದೂರದ ತಂಡಗಳಲ್ಲಿ ಕೂಗಾಟ ಬಲು ಅಪರೂಪ. ಮೊದಲು ಜನ ತಾರೀಖು ಇಟ್ಟುಕೊಳ್ಳತೊಡಗುತ್ತಾರೆ. ಯಾವ ದಿನ ಕಳಿಸಿದೆ, ಎಷ್ಟು ಗಂಟೆಗೆ ನೆನಪಿಸಿದೆ ಎಂಬುದು ಬಾಯಿಪಾಠವಾಗಿರುತ್ತದೆ. ಆಮೇಲೆ ಸ್ಕ್ರೀನ್‌ಶಾಟುಗಳು ಸಂಗ್ರಹವಾಗುತ್ತವೆ. ನೇರ ಕೇಳಬಹುದಾದ ಪ್ರಶ್ನೆಯ ಇಮೇಲಿಗೆ ಮ್ಯಾನೇಜರ್ ಹೆಸರೂ ಸೇರುತ್ತದೆ. ‘ನಾನು ಈ ಹಿಂದೆಯೇ ತಿಳಿಸಿದಂತೆ’ ಎಂದು ವಾಕ್ಯ ಶುರುವಾಗುತ್ತದೆ. ಅವನು ಎರಡು ದಿನ ಕಾಯಿಸಿದ್ದಕ್ಕೆ ಇವಳೂ ಎರಡು ದಿನ ಕಾಯಿಸುತ್ತಾಳೆ. ಇಬ್ಬರು ಮೂವರು ಸೇರಿ ಒಂದು ಚಿಕ್ಕ ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡು, ಮೀಟಿಂಗ್ ನಡೆಯುತ್ತಿರುವಾಗಲೇ ಅಲ್ಲಿ ಟೀಕೆ ಬರೆಯುತ್ತಿದ್ದರೆ ಮುನಿಸು ಸಂಸಾರ ಹೂಡಿದೆ ಎಂದೇ ಅರ್ಥ. ಇಷ್ಟಾದರೂ ಟಿಕೆಟ್‌ಗಳು ಮುಗಿಯುತ್ತಲೇ ಇರುತ್ತವೆ, ಮ್ಯಾನೇಜರಿಗೆ ಎಲ್ಲ ಸರಿಯಿದ್ದಂತೆಯೇ ತೋರುತ್ತದೆ. ಗೊತ್ತಾಗುವುದು ಯಾರಾದರೂ ರಾಜೀನಾಮೆ ಕೊಟ್ಟ ದಿನ.

ಈ ವಾದಕ್ಕೆ ಮೊದಲ ಆಕ್ಷೇಪ ಎಲ್ಲರಿಗೂ ಹೊಳೆಯುವಂಥದು. ಕಚೇರಿಗಳಲ್ಲಿ ಹೊಟ್ಟೆಕಿಚ್ಚು, ಗುಂಪುಗಾರಿಕೆ, ಚಾಡಿ ಇರಲಿಲ್ಲವೇ? ಇತ್ತು, ಇದೆ. ಕೆಲವರಿಗೆ ಕಚೇರಿಯೇ ನರಕವಾಗಿತ್ತು, ಮನೆಗೆ ಬಂದ ಮೇಲೆ ಉಸಿರಾಡುತ್ತಿದ್ದಾರೆ. ನಾನು ಹೇಳುತ್ತಿರುವ ವ್ಯತ್ಯಾಸ ಮುನಿಸಿನ ಪ್ರಮಾಣದ್ದಲ್ಲ, ಅದು ತಿದ್ದುಪಡಿಯಾಗುವ ಬಗೆಯದು. ಕಚೇರಿಯಲ್ಲಿ ಒಬ್ಬನ ಬಗ್ಗೆ ಕಟ್ಟಿಕೊಂಡ ಕೆಟ್ಟ ಚಿತ್ರಕ್ಕೆ ದಿನಕ್ಕೆ ಹತ್ತು ಸಲ ಪೆಟ್ಟು ಬೀಳುತ್ತದೆ. ಕಾಫಿ ಯಂತ್ರದ ಮುಂದೆ ಅವನು ಕಪ್ಪು ಮುಂದೆ ಚಾಚುತ್ತಾನೆ, ಲಿಫ್ಟಿನಲ್ಲಿ ಮಗುವಿನ ಜ್ವರದ ಸುದ್ದಿ ಹೇಳುತ್ತಾನೆ, ಸಂಜೆ ಹೋಗುವಾಗ ‘ಸಾರಿ ಕಣ್ರೀ, ನಾಳೆ ಖಂಡಿತ ನೋಡ್ತೀನಿ’ ಅನ್ನುತ್ತಾನೆ. ಇವು ಸ್ನೇಹವೇನಲ್ಲ, ಆದರೆ ಕಟ್ಟಿದ ಚಿತ್ರ ಗಟ್ಟಿಯಾಗದಂತೆ ಅಲುಗಿಸುತ್ತವೆ. ದೂರದ ಕೆಲಸದಲ್ಲಿ ಸಂಪರ್ಕವೆಲ್ಲ ಕೆಲಸದ ಮೂಲಕವೇ ಆಗುತ್ತದೆ. ಅಂದರೆ ಎಲ್ಲಿ ತೊಡಕಿದೆಯೋ ಅಲ್ಲೇ ಮತ್ತೆ ಮತ್ತೆ ಭೇಟಿ. ಮೈಕ್ರೋಸಾಫ್ಟ್‌ನ 61 ಸಾವಿರಕ್ಕೂ ಹೆಚ್ಚು ಅಮೆರಿಕದ ಉದ್ಯೋಗಿಗಳ 2020ರ ಮೊದಲ ಆರು ತಿಂಗಳ ದಾಖಲೆಗಳನ್ನು ನೋಡಿದ ಸಂಶೋಧಕರು, ಎಲ್ಲರೂ ಮನೆಗೆ ಹೋದ ಮೇಲೆ ಸಂಪರ್ಕದ ಜಾಲ ತಂತಮ್ಮ ಗುಂಪಿನೊಳಗೇ ಮುದುಡಿಕೊಂಡಿತು, ಗುಂಪುಗಳ ನಡುವಿನ ಸೇತುವೆಗಳು ಕಡಿಮೆಯಾದವು ಎಂದು ತೋರಿಸಿದ್ದಾರೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ತಲೆಕೆಳಗು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕೆಲವು ಸಹೋದ್ಯೋಗಿಗಳು ನಿಜಕ್ಕೂ ಕೆಲಸಗಳ್ಳರು, ಅವರ ಮೇಲಿನ ಸಿಟ್ಟನ್ನು ‘ಮಾಹಿತಿಯ ಕೊರತೆ’ ಎಂದು ತೇಪೆ ಹಚ್ಚುವುದು ದುಡಿಯುವವರಿಗೆ ಮಾಡುವ ಅನ್ಯಾಯವಲ್ಲವೇ? ಹೌದು, ಅಂಥವರಿದ್ದಾರೆ. ಆದರೆ ಪರೀಕ್ಷೆ ಸುಲಭ. ಸಂದರ್ಭ ತಿಳಿದ ಮೇಲೂ ಉಳಿಯುವ ದೂರು ನಿಜವಾದ ದೂರು. ಪುಣೆಯವನನ್ನು ಕೇಳಿದಾಗ ಪಾವತಿಯ ತೊಂದರೆ, ಮಗುವಿನ ಜ್ವರ ಹೊರಬಂದರೆ ಆ ಕೆಂಡ ಅಲ್ಲೇ ಆರುತ್ತದೆ. ಪ್ರತಿ ವಾರವೂ, ಎಲ್ಲರಿಗೂ, ಬೇರೆ ಬೇರೆ ಕಾರಣ ಹೊರಬರುತ್ತಿದ್ದರೆ ಅದನ್ನು ಮ್ಯಾನೇಜರಿಗೆ ಹೇಳಬೇಕು, ಮುಚ್ಚುಮರೆಯಿಲ್ಲದೆ ಹೇಳಬೇಕು. ಕೇಳದೆಯೇ ತೀರ್ಪು ಬರೆದಿಟ್ಟುಕೊಂಡವರಿಗೆ ಇವೆರಡರ ನಡುವಿನ ವ್ಯತ್ಯಾಸ ಎಂದೂ ತಿಳಿಯುವುದಿಲ್ಲ, ಆಗ ಕೆಲಸಗಳ್ಳನಿಗೂ ಕಷ್ಟದಲ್ಲಿದ್ದವನಿಗೂ ಒಂದೇ ಶಿಕ್ಷೆ. ಒಂಟಿಯಾಗಿರುವುದೇ ನನಗೆ ಹಿತ ಎನ್ನುವವರ ಮಾತೂ ಇದೆ. ಅವರು ಹೇಳುತ್ತಿರುವುದು ಏಕಾಂತದ ಬಗ್ಗೆ. ಒಂಟಿತನ ಬೇರೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಪದಗಳಿರುವುದು ಸುಮ್ಮನೆ ಅಲ್ಲ.

ಹಾಗಾದರೆ ಎಲ್ಲರನ್ನೂ ಬೆಂಗಳೂರಿಗೆ ಕರೆದು ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಲ್ಲಿಸೋಣವೇ? ಕಂಪನಿಗಳು ಬಯಸುವ ಉತ್ತರ ಇದೇ ಇರಬಹುದು, ನನ್ನದಲ್ಲ. ಮನೆಯಿಂದ ಕೆಲಸ ಸಿಕ್ಕಿದ್ದರಿಂದಲೇ ಹಾಸನ, ಶಿವಮೊಗ್ಗಗಳಲ್ಲಿ ವಯಸ್ಸಾದ ಅಪ್ಪ ಅಮ್ಮನ ಜೊತೆ ಇದ್ದುಕೊಂಡು, ಎಳೆಮಗುವನ್ನು ನೋಡಿಕೊಂಡು, ಗಾಲಿಕುರ್ಚಿಯಲ್ಲಿ ಕುಳಿತು ದುಡಿಯುತ್ತಿರುವವರಿದ್ದಾರೆ. ಬ್ಲೂಮ್ ಅವರೇ ಅದೇ ಕಂಪನಿಯಲ್ಲಿ 1,612 ಉದ್ಯೋಗಿಗಳ ಮೇಲೆ ಮಾಡಿ 2024ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೆ ಎರಡು ದಿನ ಮನೆ, ಮೂರು ದಿನ ಕಚೇರಿ ಎಂದು ಮಾಡಿದಾಗ ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು, ಬಡ್ತಿಗೆ ಯಾವ ಪೆಟ್ಟೂ ಬೀಳಲಿಲ್ಲ. ಇದು ಒಂದೇ ಊರಿನಲ್ಲಿರುವವರಿಗೆ ಸರಿ. ಆರು ಊರಿನ ಆರು ಜನಕ್ಕೆ ಬೇರೆ ದಾರಿ ಬೇಕು. ಅದು ಶುಕ್ರವಾರ ಸಂಜೆಯ ಆನ್‌ಲೈನ್ ಅಂತ್ಯಾಕ್ಷರಿಯಂತೂ ಅಲ್ಲ. ಮುನಿಸು ಹುಟ್ಟಿದ್ದು ಮನರಂಜನೆಯ ಕೊರತೆಯಿಂದ ಅಲ್ಲವಲ್ಲ. ಅಲ್ಲೂ ಅರ್ಧ ಜನ ಕ್ಯಾಮೆರಾ ಮುಚ್ಚಿಕೊಂಡು ಇಮೇಲ್ ನೋಡುತ್ತಿರುತ್ತಾರೆ.

ಕಾಣದ್ದನ್ನು ಕಾಣಿಸುವ ಕೆಲಸ ಚಿಕ್ಕ ಚಿಕ್ಕದಾಗಿ ಆಗಬೇಕು. ಮೊದಲನೆಯದು ಮೌನಕ್ಕೆ ಚೀಟಿ ಅಂಟಿಸುವುದು. ಮಂಗಳವಾರ 11.30ಕ್ಕೆ ಪುಣೆಯವನು ‘ಪಾವತಿಯ ತೊಂದರೆಯಲ್ಲಿ ಸಿಕ್ಕಿಕೊಂಡಿದ್ದೇನೆ, ಗುರುವಾರದವರೆಗೆ ಆಗುವುದಿಲ್ಲ, ತುರ್ತಿದ್ದರೆ ಬೇರೆಯವರಿಗೆ ಕೊಡಿ’ ಎಂದು ಒಂದು ಸಾಲು ಬರೆದಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು, ಈ ಕಥೆಯೇ ಇರುತ್ತಿರಲಿಲ್ಲ. ಹುಬ್ಬಳ್ಳಿಯವಳು 400 ಸಾಲನ್ನು ನಾಲ್ಕು ಕಂತು ಮಾಡಿ, ಯಾವುದು ಶುಕ್ರವಾರಕ್ಕೆ ಬೇಕು, ಯಾಕೆ ಬೇಕು ಎಂದು ಬರೆದಿದ್ದರೆ ಆತ ಮೊದಲ ಕಂತನ್ನಾದರೂ ಬೇಗ ಮುಗಿಸಬಹುದಿತ್ತು. ಎರಡನೆಯದು ಭಿನ್ನಾಭಿಪ್ರಾಯಕ್ಕೆ ಧ್ವನಿ ಕೊಡುವುದು. ಟಿಪ್ಪಣಿ ಮೂರು ದಾಟಿದರೆ ಫೋನು ಮಾಡಿ ಮಾತಾಡಿ, ತೀರ್ಮಾನವನ್ನು ಆಮೇಲೆ ಬರೆದಿಡುವುದು. ಕಚೇರಿಯೇ ಇಲ್ಲದೆ ಬೆಳೆದ ಗಿಟ್‌ಲ್ಯಾಬ್ ಕಂಪನಿ ಯಾರು ಬೇಕಾದರೂ ಓದಲೆಂದು ತೆರೆದಿಟ್ಟಿರುವ ಕೈಪಿಡಿಯಲ್ಲಿ ಒಂದು ನಿಯಮವಿದೆ: ಧನ್ಯವಾದ ಎಲ್ಲರೆದುರು, ಟೀಕೆ ಇಬ್ಬರ ನಡುವೆ. ಗುರುವಾರದ ಮೀಟಿಂಗಿನಲ್ಲಿ ಆದದ್ದು ಇದರ ತಿರುಗುಮುರುಗು.

ಮೂರನೆಯದು ಮ್ಯಾನೇಜರ್ ಕೈಯಲ್ಲಿದೆ, ಕಷ್ಟದ್ದೂ ಹೌದು. ಟಿಕೆಟ್ಟಿನ ಎದುರು ಒಂದೇ ಹೆಸರಿರುವ ಪದ್ಧತಿ ಹೋಗಿ, ರಿವ್ಯೂ ಮಾಡಿದವರು, ಹೇಳಿಕೊಟ್ಟವರ ಹೆಸರೂ ದಾಖಲಾಗಬೇಕು, ಅಪ್ರೈಸಲ್ ಸಮಯದಲ್ಲಿ ಅದಕ್ಕೆ ತೂಕ ಸಿಗಬೇಕು. ಬೆಲ್ ಕರ್ವ್ ಇರುವ ಕಡೆ ಇದೂ ಸಾಲದು. ಇಂತಿಷ್ಟೇ ಜನರಿಗೆ ಒಳ್ಳೆಯ ರೇಟಿಂಗ್ ಎಂದು ಮೊದಲೇ ಗೆರೆ ಎಳೆದಿಟ್ಟರೆ ಪುಣೆಯವನ ಹೆಸರು ಮೇಲೇರುವುದೆಂದರೆ ಹುಬ್ಬಳ್ಳಿಯವಳ ಹೆಸರು ಕೆಳಗಿಳಿಯುವುದು. ಅಲ್ಲಿ ಮುನಿಸು ತಪ್ಪು ತಿಳಿವಳಿಕೆಯೂ ಅಲ್ಲ, ಲೆಕ್ಕ ಸರಿಯಾಗಿಯೇ ಇದೆ. ಒಬ್ಬರನ್ನೊಬ್ಬರು ನೋಡದ ಜನರನ್ನು ಒಂದೇ ಏಣಿಗೆ ಹತ್ತಿಸಿ, ಸಹಕರಿಸಿ ಎಂದು ಪೋಸ್ಟರ್ ಹಾಕುವ ಕಂಪನಿಗೆ ಮನೆಯಿಂದ ಕೆಲಸವನ್ನು ದೂರುವ ಹಕ್ಕಿಲ್ಲ.

ನಾಳೆ ಲ್ಯಾಪ್‌ಟಾಪ್ ತೆರೆದಾಗ ನಿಮ್ಮ ಪಟ್ಟಿಯಲ್ಲೂ ಉತ್ತರಿಸದ ಒಬ್ಬರು ಇರಬಹುದು. ಮೂರನೆಯ ನೆನಪೋಲೆ ಬರೆಯುವ ಮೊದಲು ಒಂದು ಫೋನು ಮಾಡಿ. ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವವರೂ ಒಬ್ಬರಿದ್ದಾರೆ, ಅವರಿಗೆ ಯಾವಾಗ ಆಗುತ್ತದೆ ಎಂದು ಒಂದು ಸಾಲು ಬರೆದು ಕಳಿಸಿ.